ಹಣ ಕಟ್ಟದೆ ಸ್ಪಾಟಿಫೈ ಕೇಳುವಾಗಿನ ಮಿತಿಗಳು, ಹಣ ಕಟ್ಟಿದ ಮೇಲೆ ನಿಜವಾಗಿ ಬದಲಾಗುವುದು

ಸ್ಪಾಟಿಫೈ ಆ್ಯಪನ್ನು ಉಚಿತವಾಗಿ ಬಳಸುವವರ ದೂರುಗಳು ಹೆಚ್ಚುಕಡಿಮೆ ಮೂರೇ. ಪಟ್ಟಿಯಲ್ಲಿರುವ ಹಾಡುಗಳು ಇಟ್ಟ ಕ್ರಮದಲ್ಲಿ ಬರದೆ ಕಲಸಿಹೋಗಿ ಬರುತ್ತವೆ. ಬೇಡವಾದ ಹಾಡನ್ನು ದಾಟಿಸುತ್ತ ಹೋದರೆ ಸ್ವಲ್ಪ ಹೊತ್ತಿನಲ್ಲೇ ಆ್ಯಪ್ ತಡೆಯುತ್ತದೆ. ನಡುನಡುವೆ ಜಾಹೀರಾತು ನುಗ್ಗುತ್ತದೆ. ಹಣ ಕಟ್ಟಿದರೆ ಮೂರೂ ಹೋಗುತ್ತವೆ ಎನ್ನುವುದು ನಿಜವೇ, ಆದರೆ ಭಾರತದಲ್ಲಿ ಈಗ ಪಾವತಿ ಯೋಜನೆಗಳೇ ಹಲವು ಬಗೆಯಾಗಿರುವುದರಿಂದ ಯಾವ ಯೋಜನೆ ಯಾವ ತೊಂದರೆಯನ್ನು ನೀಗಿಸುತ್ತದೆ, ಯಾವುದನ್ನು ಹಾಗೆಯೇ ಉಳಿಸುತ್ತದೆ ಎಂಬುದನ್ನು ನೋಡದೆ ಹಣ ಕಟ್ಟಿದವರು, ಮುಖ್ಯವಾಗಿ ಬೇಕಾಗಿದ್ದ ಒಂದು ಸೌಲಭ್ಯವೇ ತಮ್ಮ ಯೋಜನೆಯಲ್ಲಿ ಇಲ್ಲವೆಂದು ಆಮೇಲೆ ಕಂಡುಕೊಳ್ಳುವುದುಂಟು. ಆದ್ದರಿಂದ ಮೊದಲು ತಮ್ಮನ್ನು ನಿಜವಾಗಿ ಕಾಡುವ ಮಿತಿ ಯಾವುದೆಂದು ಗುರುತಿಸಿ, ನಂತರ ಅದಕ್ಕೆ ತಕ್ಕ ಯೋಜನೆಯನ್ನು ಆರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮಿತಿಗಳು ಎಲ್ಲಿಂದ ಬಂದವು

ಸ್ವೀಡನ್ನಿನಲ್ಲಿ 2008ರಲ್ಲಿ ಸ್ಪಾಟಿಫೈ ಆರಂಭವಾದಾಗ ಉಚಿತ ಸೇವೆ ಕಂಪ್ಯೂಟರಿಗೆ ಸೀಮಿತವಾಗಿತ್ತು. ಫೋನಿನಲ್ಲಿ ಕೇಳಬೇಕಾದರೆ ಹಣ ಕಟ್ಟಬೇಕಿತ್ತು. 2013ರ ಡಿಸೆಂಬರಿನಲ್ಲಿ ಫೋನಿಗೂ ಉಚಿತ ಸೇವೆ ಬಂದಿತು, ಆದರೆ ಹಾಡುಗಳು ಕಲಸಿಕೊಂಡೇ ಬರುವ ಷಫಲ್ ಎಂಬ ಷರತ್ತಿನೊಂದಿಗೆ. ಇದರ ಹಿಂದಿರುವುದು ಧ್ವನಿಮುದ್ರಣ ಸಂಸ್ಥೆಗಳೊಂದಿಗಿನ ಲೆಕ್ಕಾಚಾರ. ಕೇಳುಗನು ಬೇಕೆಂದ ಹಾಡನ್ನು ಬೇಕೆಂದಾಗ ಹಾಕಿಕೊಳ್ಳುವುದು ಒಂದು ರೀತಿಯಲ್ಲಿ ಕ್ಯಾಸೆಟ್ಟನ್ನೇ ಕೊಂಡಂತೆ, ಮುಂದೆ ಯಾವ ಹಾಡು ಬರುತ್ತದೆಂದು ತಿಳಿಯದೆ ಕೇಳುವುದು ರೇಡಿಯೊ ಕೇಳಿದಂತೆ. ಎರಡನೆಯದಕ್ಕೆ ಸಂಸ್ಥೆಗಳು ಹೆಚ್ಚು ಸುಲಭವಾಗಿ ಒಪ್ಪುತ್ತವೆ. ಅಮೆರಿಕದಲ್ಲಿ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯಿದೆಯು ಇಂಟರ್‌ನೆಟ್ ರೇಡಿಯೊಗೆ ಇದೇ ವಿಂಗಡಣೆಯನ್ನು ಮಾಡಿ, ಮೂರು ಗಂಟೆಗಳ ಅವಧಿಯಲ್ಲಿ ಒಂದೇ ಆಲ್ಬಮ್ಮಿನ ಮೂರಕ್ಕಿಂತ ಹೆಚ್ಚು ಹಾಡುಗಳನ್ನು ಹಾಕಬಾರದೆಂಬಂಥ ನಿಯಮಗಳನ್ನು ತಂದಿತು. ಗಂಟೆಗೆ ಆರು ಬಾರಿ ಮಾತ್ರ ಹಾಡು ದಾಟಿಸಬಹುದೆಂಬ ಮಿತಿಯನ್ನು ಪ್ಯಾಂಡೋರಾದಂಥ ಇಂಟರ್‌ನೆಟ್ ರೇಡಿಯೊಗಳು ಬಳಕೆಗೆ ತಂದವು, ಫೋನಿನಲ್ಲಿ ಸ್ಪಾಟಿಫೈನ ಉಚಿತ ಸೇವೆಯ ಸ್ಕಿಪ್ ಮಿತಿಯೂ ಅದೇ. ಎಷ್ಟು ಬಾರಿಯಾದರೂ ದಾಟಿಸಬಹುದಾದರೆ, ದಾಟಿಸುತ್ತಲೇ ಬೇಕಾದ ಹಾಡಿಗೆ ಬಂದು ನಿಲ್ಲಬಹುದು. ಆಗ ಅದು ರೇಡಿಯೊ ಆಗಿ ಉಳಿಯುವುದಿಲ್ಲ. ಷಫಲ್ಲಿಗೂ ಸ್ಕಿಪ್ ಮಿತಿಗೂ ಇರುವ ನಂಟು ಇದೇ: ಮೊದಲನೆಯದನ್ನು ಕಾಯಲು ಎರಡನೆಯದು ಬೇಕು.

ಭಾರತಕ್ಕೆ ಸ್ಪಾಟಿಫೈ ಬಂದದ್ದು 2019ರ ಫೆಬ್ರವರಿಯಲ್ಲಿ. ಇಲ್ಲಿನ ಸ್ಪರ್ಧೆಯ ಕಾರಣ ಆಗ ಫೋನಿನಲ್ಲೂ ಬೇಕಾದ ಹಾಡನ್ನು ಉಚಿತವಾಗಿ ಆರಿಸಬಹುದಿತ್ತು. 2023ರ ಅಕ್ಟೋಬರಿನಲ್ಲಿ ಆ ಸೌಲಭ್ಯವನ್ನು ಕಂಪನಿ ಹಿಂತೆಗೆದುಕೊಂಡಿತು. ಕ್ರಮವಾಗಿ ಕೇಳುವುದು, ಹಿಂದಿನ ಹಾಡಿಗೆ ಮರಳುವುದು, ಹಾಡಿನೊಳಗೆ ಮುಂದೆ ಹಿಂದೆ ಸರಿಸುವುದು ಉಚಿತ ಬಳಕೆದಾರರಿಗೆ ಇಲ್ಲವಾಯಿತು. ಮತ್ತೆ 2025ರ ಸೆಪ್ಟೆಂಬರಿನಲ್ಲಿ ನಿಯಮ ಸಡಿಲಗೊಂಡು, ಹುಡುಕಿದ ಹಾಡನ್ನೋ ಸ್ನೇಹಿತರು ಕಳುಹಿಸಿದ ಕೊಂಡಿಯಲ್ಲಿನ ಹಾಡನ್ನೋ ನೇರವಾಗಿ ಕೇಳಲು ಅವಕಾಶವಾಯಿತು. ಆದರೆ ಹೀಗೆ ಆರಿಸಿ ಕೇಳುವುದಕ್ಕೆ ದಿನಕ್ಕೊಂದು ಮಿತಿ ಇದೆ. ಅದು ಮುಗಿದ ಮೇಲೆ ಹಳೆಯ ಷಫಲ್ ಮತ್ತು ಸ್ಕಿಪ್ ಮಿತಿಗಳೇ ಮರಳುತ್ತವೆ. ಬೆಳಿಗ್ಗೆ ಬೇಕಾದ ಹಾಡು ಬಂತು, ಸಂಜೆ ಬರಲಿಲ್ಲ, ಆ್ಯಪ್ ಕೆಟ್ಟಿರಬೇಕು ಎಂದು ಅದನ್ನು ತೆಗೆದು ಮತ್ತೆ ಹಾಕುವವರಿದ್ದಾರೆ. ಕೆಟ್ಟಿರುವುದು ಏನೂ ಇಲ್ಲ, ಅಂದಿನ ಪಾಲು ಮುಗಿದಿರುತ್ತದೆ ಅಷ್ಟೆ. ಮಿತಿ ಖಾತೆಗೆ ಸೇರಿದ್ದಾದ್ದರಿಂದ ಆ್ಯಪನ್ನು ಮತ್ತೆ ಹಾಕುವುದರಿಂದ ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ಕಾಡುವ ಮಿತಿ ಯಾವುದೆಂದು ಗುರುತಿಸುವುದು

ಯೋಜನೆಗಳ ಪುಟವನ್ನು ತೆರೆಯುವ ಮುನ್ನ ಒಂದು ವಾರ ಎಂದಿನಂತೆ ಕೇಳುತ್ತ, ಎಲ್ಲಿ ಅಡಚಣೆಯಾಯಿತೆಂಬುದನ್ನು ಗಮನಿಸಬೇಕು. ಹೊರನೋಟಕ್ಕೆ ಒಂದೇ ಕಿರಿಕಿರಿಯಂತೆ ಕಾಣುವವು ಬೇರೆ ಬೇರೆ ಕಾರಣಗಳಿಂದ ಬಂದಿರುತ್ತವೆ. ಹಾಡು ಅರ್ಧಕ್ಕೆ ನಿಂತರೆ ಅದು ನೆಟ್‌ವರ್ಕಿನ ತೊಂದರೆ; ಉಚಿತ ಸೇವೆಯ ಮಿತಿ ಎಂದೂ ಹಾಡನ್ನು ನಡುವೆ ನಿಲ್ಲಿಸುವುದಿಲ್ಲ. ನೀವು ಸೇರಿಸದ ಹಾಡು ನಿಮ್ಮ ಪಟ್ಟಿಯ ನಡುವೆ ಬಂದರೆ, ಪಟ್ಟಿ ಬಹಳ ಚಿಕ್ಕದಾಗಿದೆಯೇ ಎಂದು ನೋಡಬೇಕು, ಏಕೆಂದರೆ ಉಚಿತ ಖಾತೆಯಲ್ಲಿ ಚಿಕ್ಕ ಪಟ್ಟಿಗಳಿಗೆ ಆ್ಯಪ್ ತಾನೇ ಸಲಹೆಯ ಹಾಡುಗಳನ್ನು ಬೆರೆಸುತ್ತದೆ. ಪಟ್ಟಿಗೆ ಇನ್ನಷ್ಟು ಹಾಡು ಸೇರಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ, ಅದಕ್ಕೆ ಹಣ ಕಟ್ಟಬೇಕಾಗಿಲ್ಲ.

ಷಫಲ್ ಎಷ್ಟು ಕಾಡುತ್ತದೆ ಎಂಬುದು ಕೇಳುವ ಸಂಗೀತದ ಮೇಲೆ ನಿಂತಿದೆ, ಇದನ್ನು ಬೆಲೆಯ ಹೋಲಿಕೆಗಳಲ್ಲಿ ಯಾರೂ ಹೇಳುವುದಿಲ್ಲ. ಭಾವಗೀತೆಗಳನ್ನೋ ಚಿತ್ರಗೀತೆಗಳನ್ನೋ ಕೇಳುವವರಿಗೆ ಕ್ರಮ ಬದಲಾದರೆ ನಷ್ಟವೇನೂ ಇಲ್ಲ. ಎಷ್ಟೋ ಜನ ಷಫಲನ್ನೇ ಬಯಸುತ್ತಾರೆ. ಹಿಂದೂಸ್ತಾನಿ ಗಾಯನದ ಧ್ವನಿಮುದ್ರಣದಲ್ಲಿ ಹಾಗಲ್ಲ. ಒಂದೇ ರಾಗದ ನಿಧಾನ ಗತಿಯ ವಿಲಂಬಿತ್ ಒಂದು ಟ್ರ್ಯಾಕಿನಲ್ಲೂ ವೇಗದ ದ್ರುತ್ ಇನ್ನೊಂದರಲ್ಲೂ ಇರುವುದು ಸಾಮಾನ್ಯ, ಷಫಲ್ಲಿನಲ್ಲಿ ದ್ರುತ್ ಮೊದಲು ಬಂದು ವಿಲಂಬಿತ್ ಆಮೇಲೆ ಬರಬಹುದು, ಇಲ್ಲವೆ ಎರಡರ ನಡುವೆ ಬೇರೊಂದು ರಾಗವೇ ಕೂರಬಹುದು. ಯಕ್ಷಗಾನದ ಪ್ರಸಂಗ, ಹರಿಕಥೆ, ಭಾಗಭಾಗವಾಗಿ ಹಾಕಿದ ಪುರಾಣ ಪ್ರವಚನಗಳಿಗೂ ಇದೇ ಗತಿ: ಸಂಧಾನಕ್ಕಿಂತ ಮೊದಲು ಯುದ್ಧ ಮುಗಿದುಹೋಗಿರುತ್ತದೆ. ಇಂಥವನ್ನು ಕೇಳುವವರಿಗೆ ಷಫಲ್ ಎಂದರೆ ಸೇವೆಯೇ ಇಲ್ಲದಂತೆ. ಉಳಿದವರಿಗೆ ಅದು ಹೊಂದಿಕೊಳ್ಳಬಹುದಾದ ಸಂಗತಿ.

ಪ್ರಯಾಣ ಮಾಡುವವರು ಇನ್ನೊಂದು ಮಿತಿಯನ್ನು ತಿಳಿದಿರಬೇಕು. ಉಚಿತ ಖಾತೆಯನ್ನು ತನ್ನ ದೇಶದ ಹೊರಗೆ 14 ದಿನ ಮಾತ್ರ ಬಳಸಬಹುದು. ಮಕ್ಕಳಿರುವ ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ತಿಂಗಳುಗಟ್ಟಲೆ ಹೋಗಿ ಇರುವ ಹಿರಿಯರ ಫೋನಿನಲ್ಲಿ ಮೂರನೆಯ ವಾರ ಆ್ಯಪ್ ಇದ್ದಕ್ಕಿದ್ದಂತೆ ತೆರೆಯದಿರುವುದಕ್ಕೆ ಕಾರಣ ಇದು. ಖಾತೆಯ ಪುಟಕ್ಕೆ ಹೋಗಿ ದೇಶವನ್ನು ಈಗಿರುವ ದೇಶಕ್ಕೆ ಬದಲಿಸಿದರೆ ಮತ್ತೆ ನಡೆಯುತ್ತದೆ. ಹಣ ಕಟ್ಟಿದ ಖಾತೆಗೆ ಈ ನಿರ್ಬಂಧವಿಲ್ಲ.

ಎರಡನೆಯ ಹೆಜ್ಜೆ: ಹಣವಿಲ್ಲದೆ ಆಗುವಷ್ಟನ್ನು ಮಾಡಿಕೊಳ್ಳುವುದು

ಷಫಲ್ ಕಡ್ಡಾಯವಾಗಿರುವುದು ಮುಖ್ಯವಾಗಿ ಫೋನಿನಲ್ಲಿ. ಅದೇ ಉಚಿತ ಖಾತೆಯಿಂದ ಕಂಪ್ಯೂಟರಿನಲ್ಲಿ ಪ್ರವೇಶಿಸಿದರೆ, ಜಾಹೀರಾತುಗಳ ನಡುವೆಯೇ ಆದರೂ, ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಕೇಳಬಹುದು. ಮನೆಯಲ್ಲಿ ಅಥವಾ ಕಚೇರಿಯಲ್ಲಿ ಕುಳಿತು ಕೇಳುವವರು ಇದನ್ನು ತಿಳಿಯದೆ ಹಣ ಕಟ್ಟುವುದು ಅನವಶ್ಯಕ. ಫೋನಿನಲ್ಲೇ ಕೇಳುವವರು ದಿನದ ಆಯ್ಕೆಯ ಪಾಲನ್ನು ನಿಜವಾಗಿ ಕ್ರಮ ಬೇಕಾದ ಸಂಗೀತಕ್ಕೆ ಉಳಿಸಿಕೊಂಡು, ಮಿಕ್ಕ ಹೊತ್ತಿನಲ್ಲಿ ಷಫಲ್ಲಿಗೆ ಒಗ್ಗುವ ಪಟ್ಟಿಗಳನ್ನು ಹಾಕಿಕೊಳ್ಳುವುದು ಒಳ್ಳೆಯದು. ಪಟ್ಟಿಗಳನ್ನೂ ಬೆರಕೆಯಾಗಿ ಇಡದೆ, ದಾಸರ ಪದಗಳಿಗೊಂದು, ಚಿತ್ರಗೀತೆಗಳಿಗೊಂದು ಎಂದು ವಿಂಗಡಿಸಿದರೆ ದಾಟಿಸುವ ಅಗತ್ಯವೇ ಕಡಿಮೆಯಾಗುತ್ತದೆ. ಗಂಟೆಗೆ ಆರು ಸ್ಕಿಪ್ ಸಾಲದೆ ಬರುವುದು ಹೆಚ್ಚಾಗಿ ಎಲ್ಲವನ್ನೂ ಒಂದೇ ಪಟ್ಟಿಗೆ ತುಂಬಿದವರಿಗೆ.

ಇಷ್ಟು ಮಾಡಿದ ಮೇಲೂ ಉಳಿಯುವ ತೊಂದರೆ ಜಾಹೀರಾತೇ ಆಗಿದ್ದರೆ, ಅದನ್ನು ಸಹಿಸುವುದು ಅಥವಾ ಹಣ ಕಟ್ಟುವುದು, ಎರಡೇ ದಾರಿ. ಜಾಹೀರಾತು ತೆಗೆದು ಕೊಡುತ್ತೇವೆಂದು ಹೇಳುವ ಮಾರ್ಪಡಿಸಿದ ಆ್ಯಪ್‌ಗಳು ಸಿಗುತ್ತವೆ, ಆದರೆ ಅವು ಕಂಪನಿಯ ಷರತ್ತುಗಳಿಗೆ ವಿರುದ್ಧ. ಖಾತೆ ರದ್ದಾಗುವುದಷ್ಟೇ ಅಲ್ಲ, ಯಾರು ಮಾಡಿದ್ದೆಂದು ಗೊತ್ತಿಲ್ಲದ ತಂತ್ರಾಂಶಕ್ಕೆ ನಿಮ್ಮ ಪಾಸ್‌ವರ್ಡನ್ನೂ ಒಪ್ಪಿಸಿದಂತಾಗುತ್ತದೆ.

ಮೂರನೆಯ ಹೆಜ್ಜೆ: ಯೋಜನೆಯನ್ನು ಆರಿಸುವುದು

2025ರ ನವೆಂಬರಿನಲ್ಲಿ ಸ್ಪಾಟಿಫೈ ಭಾರತದ ಯೋಜನೆಗಳನ್ನು ಹೊಸದಾಗಿ ವಿಂಗಡಿಸಿತು. ಲೈಟ್ ಎಂಬುದಕ್ಕೆ ತಿಂಗಳಿಗೆ 139 ರೂಪಾಯಿ, ಸ್ಟ್ಯಾಂಡರ್ಡ್‌ಗೆ 199, ಪ್ಲಾಟಿನಂಗೆ 299 ಎಂದು ಆಗ ಬೆಲೆ ನಿಗದಿಯಾಯಿತು; ವಿದ್ಯಾರ್ಥಿಗಳಿಗೆ, ವಿದ್ಯಾರ್ಥಿಯೆಂಬುದನ್ನು ಪರಿಶೀಲಿಸಿಕೊಂಡು, 99 ರೂಪಾಯಿಯ ಯೋಜನೆಯಿದೆ. ಬೆಲೆಗಳು ಆಗಾಗ ಬದಲಾಗುವುದರಿಂದ ಹಣ ಕಟ್ಟುವ ದಿನ spotify.com ತಾಣದಲ್ಲಿ ಕಾಣುವ ಬೆಲೆಯನ್ನೇ ನಂಬಬೇಕು. ಬೆಲೆಗಿಂತ ಮುಖ್ಯವಾದದ್ದು ಯೋಜನೆಗಳ ನಡುವಿನ ವ್ಯತ್ಯಾಸ. ಲೈಟ್ ಯೋಜನೆಯಲ್ಲಿ ಜಾಹೀರಾತು ಹೋಗುತ್ತದೆ, ಬೇಕಾದ ಹಾಡನ್ನು ಬೇಕಾದ ಕ್ರಮದಲ್ಲಿ ಕೇಳಬಹುದು, ಸ್ಕಿಪ್ ಮಿತಿಯಿಲ್ಲ. ಆದರೆ ಹಾಡುಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಲಾಗದು, ಧ್ವನಿಯ ಗುಣಮಟ್ಟ 160 ಕೆಬಿಪಿಎಸ್‌ಗೆ ನಿಲ್ಲುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಡೌನ್‌ಲೋಡ್ ಸೇರಿಕೊಂಡು ಗುಣಮಟ್ಟ 320ಕ್ಕೆ ಏರುತ್ತದೆ. ಪ್ಲಾಟಿನಂನಲ್ಲಿ ಮೂವರವರೆಗೆ ಬಳಸಬಹುದು, ಮೂಲ ಧ್ವನಿಯಲ್ಲಿ ಏನೂ ಕಳೆದುಹೋಗದ ಲಾಸ್‌ಲೆಸ್ ಧ್ವನಿಯೂ ಸಿಗುತ್ತದೆ.

ಡೌನ್‌ಲೋಡ್ ಎಂದೊಡನೆ ಡೇಟಾ ಉಳಿತಾಯವನ್ನು ನೆನೆಯುವುದು ಸಹಜ, ಆದರೆ ಲೆಕ್ಕ ಹಾಕಿದರೆ ಉಳಿತಾಯ ದೊಡ್ಡದಲ್ಲ. 160 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 20 ಕಿಲೋಬೈಟ್, ಗಂಟೆಗೆ 72 ಎಂಬಿ. ದಿನಕ್ಕೆ ಎರಡು ಗಂಟೆ ಕೇಳಿದರೂ ಸುಮಾರು 144 ಎಂಬಿ ಆಯಿತು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಸಾಮಾನ್ಯ ರೀಚಾರ್ಜಿನಲ್ಲಿ ಇದು ಹತ್ತನೆಯ ಒಂದು ಪಾಲು. ಡೌನ್‌ಲೋಡಿನ ನಿಜವಾದ ಪ್ರಯೋಜನ ನೆಟ್‌ವರ್ಕ್ ಇಲ್ಲದ ಕಡೆ.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಹಾಸನದಲ್ಲಿ ಕೆಲಸ ಮಾಡುವ ಒಬ್ಬರು ಪ್ರತಿ ಶನಿವಾರ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಭಾನುವಾರ ಮರಳುತ್ತಾರೆ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಅವರು ಕೇಳುವುದು ಯಕ್ಷಗಾನ ಪ್ರಸಂಗಗಳ ಧ್ವನಿಮುದ್ರಣ, ಒಮ್ಮೊಮ್ಮೆ ಹಳೆಯ ಚಿತ್ರಗೀತೆ. ವಾರದ ಉಳಿದ ದಿನ ಕಚೇರಿಯ ಕಂಪ್ಯೂಟರಿನಲ್ಲಿ ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಕ್ರಮದ ತೊಂದರೆ ಇಲ್ಲವಾದ್ದರಿಂದ ಅವರ ಸಮಸ್ಯೆ ಪ್ರಯಾಣದ್ದು ಮಾತ್ರ. ಉಚಿತ ಖಾತೆಯಲ್ಲಿ ಪ್ರಸಂಗದ ಭಾಗಗಳನ್ನು ದಿನದ ಆಯ್ಕೆಯ ಪಾಲಿನಿಂದ ಆರಿಸಿಕೊಳ್ಳುತ್ತ ಹೋದರೂ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಸಿಗ್ನಲ್ ಬಂದು ಹೋಗುತ್ತಿರುವುದರಿಂದ ಕೇಳುವಿಕೆ ತುಂಡುತುಂಡಾಗುತ್ತದೆ. ಅಗ್ಗವೆಂದು ಲೈಟ್ ಕೊಂಡರೆ ಜಾಹೀರಾತು ನಿಲ್ಲುತ್ತದೆ, ಕ್ರಮವೂ ಸಿಗುತ್ತದೆ, ಆದರೆ ಘಾಟಿಯಲ್ಲಿ ಹಾಡು ನಿಲ್ಲುವುದು ನಿಲ್ಲುವುದಿಲ್ಲ, ಏಕೆಂದರೆ ಅದರಲ್ಲಿ ಡೌನ್‌ಲೋಡ್ ಇಲ್ಲ. ವರ್ಷಕ್ಕೆ 1,668 ರೂಪಾಯಿ ಕೊಟ್ಟು ಮುಖ್ಯ ತೊಂದರೆಯನ್ನು ಹಾಗೇ ಉಳಿಸಿಕೊಂಡಂತಾಯಿತು. ಸ್ಟ್ಯಾಂಡರ್ಡ್ ಕೊಂಡರೆ ವರ್ಷಕ್ಕೆ 2,388; ಅಂದರೆ 720 ರೂಪಾಯಿ ಹೆಚ್ಚು, ಆದರೆ ಅವರಿಗೆ ಬೇಕಾದದ್ದು ಸಿಗುವುದು ಅಲ್ಲಿಯೇ. ಇದೇ ವ್ಯಕ್ತಿ ಬೆಂಗಳೂರಿನ ಮನೆಯಿಂದ ಕಚೇರಿಗೆ ನೆಲದ ಮೇಲಿನ ರಸ್ತೆಯಲ್ಲೇ ಓಡಾಡುವವರಾಗಿದ್ದರೆ ಲೈಟ್ ಧಾರಾಳವಾಗಿ ಸಾಕಿತ್ತು. ಮೂರು ತಿಂಗಳಿಗೊಮ್ಮೆ ಮಾತ್ರ ಘಾಟಿ ಇಳಿಯುವವರಾದರೆ, ಆ ತಿಂಗಳು ಮಾತ್ರ ಸ್ಟ್ಯಾಂಡರ್ಡ್ ಕೊಂಡು ನಿಲ್ಲಿಸಿಬಿಡುವುದೂ ಲೆಕ್ಕಕ್ಕೆ ಸರಿಯೇ.

ಪ್ಲಾಟಿನಂ ಬಗ್ಗೆ ಒಂದು ಮಾತು ಸಾಕು. ಲಾಸ್‌ಲೆಸ್ ಧ್ವನಿ ಸಾಮಾನ್ಯ ಬ್ಲೂಟೂತ್ ಇಯರ್‌ಫೋನಿಗೆ ಹೋಗುವಾಗ ದಾರಿಯಲ್ಲೇ ಮತ್ತೆ ಸಂಕುಚಿತಗೊಳ್ಳುತ್ತದೆ, ಅದನ್ನು ಪೂರ್ತಿ ಕೇಳಲು ತಂತಿಯ ಹೆಡ್‌ಫೋನೋ ವೈಫೈ ಸ್ಪೀಕರೋ ಬೇಕು. ಮೂಲ ಮುದ್ರಣವೇ ಗರಗರ ಎನ್ನುವ ಹಳೆಯ ಹಾಡುಗಳಿಗೆ ಅದರಿಂದ ಏನೂ ಸಿಗದು. ಮನೆಯಲ್ಲಿ ಮೂವರು ಹಂಚಿಕೊಳ್ಳುವುದಾದರೆ ಮಾತ್ರ ತಲೆಗೆ ನೂರು ರೂಪಾಯಿಯ ಆಸುಪಾಸಿಗೆ ಇಳಿದು ಇದು ಲಾಭದ ಮಾತಾಗುತ್ತದೆ.

ಹಣ ಕಟ್ಟಿದರೂ ಬದಲಾಗದಿರುವುದು

ಹಾಡುಗಳ ಸಂಗ್ರಹ ಬದಲಾಗುವುದಿಲ್ಲ. ಉಚಿತ ಖಾತೆಯಲ್ಲಿ ಬೂದು ಬಣ್ಣಕ್ಕೆ ತಿರುಗಿ ನಿಂತ ಹಾಡು ಹಣ ಕಟ್ಟಿದ ಮೇಲೂ ಹಾಗೆಯೇ ಇರುತ್ತದೆ, ಏಕೆಂದರೆ ಅದು ಹಕ್ಕುದಾರರೊಂದಿಗಿನ ಒಪ್ಪಂದದ ವಿಷಯ. 2023ರ ಮಾರ್ಚಿನಲ್ಲಿ ಜೀ ಮ್ಯೂಸಿಕ್ ಜೊತೆಗಿನ ಒಪ್ಪಂದ ಕುದುರದೆ ಆ ಸಂಸ್ಥೆಯ ಹಾಡುಗಳು ಸ್ಪಾಟಿಫೈನಿಂದ ಮರೆಯಾದಾಗ, ಹಣ ಕಟ್ಟಿದವರಿಗೂ ಅವು ಸಿಗಲಿಲ್ಲ. ಹಳೆಯ ಕನ್ನಡ ಹಾಡೊಂದು ಇಲ್ಲವೆಂಬ ಕಾರಣಕ್ಕೆ ಯೋಜನೆ ಕೊಳ್ಳುವ ಯೋಚನೆಯಿದ್ದರೆ ಮೊದಲು ಉಚಿತ ಖಾತೆಯಲ್ಲೇ ಹುಡುಕಿ ನೋಡಬೇಕು. ಅಲ್ಲಿ ಇಲ್ಲದ್ದು ಹಣ ಕಟ್ಟಿದ ಮೇಲೂ ಇರುವುದಿಲ್ಲ.

ಪಾಡ್‌ಕಾಸ್ಟ್‌ಗಳ ಜಾಹೀರಾತು ಸಹ ಪೂರ್ತಿ ಹೋಗುವುದಿಲ್ಲ. ಯೋಜನೆ ತೆಗೆಯುವುದು ಸಂಗೀತದ ನಡುವಿನ ಜಾಹೀರಾತನ್ನು. ಪಾಡ್‌ಕಾಸ್ಟ್ ನಡೆಸುವವರು ತಾವೇ ಓದಿ ಧ್ವನಿಮುದ್ರಣದೊಳಗೆ ಸೇರಿಸಿದ ಪ್ರಾಯೋಜಕರ ಮಾತು ಎಂದಿನಂತೆ ಕೇಳಿಸುತ್ತದೆ.

ಇದು ಸ್ಪಾಟಿಫೈನ ಮಾತು. ಬೇರೆ ಸೇವೆಗಳಲ್ಲಿ ಮಿತಿಯ ಗೆರೆ ಬೇರೆ ಕಡೆ ಬಿದ್ದಿರುತ್ತದೆ. ಯೂಟ್ಯೂಬ್ ಮ್ಯೂಸಿಕ್ಕಿನ ಉಚಿತ ಆವೃತ್ತಿಯಲ್ಲಿ ಪರದೆ ಆರಿಸಿದರೆ ಸಾಮಾನ್ಯವಾಗಿ ಹಾಡೇ ನಿಲ್ಲುತ್ತದೆ, ಅಲ್ಲಿ ಹಣ ಕೊಟ್ಟು ಕೊಳ್ಳುವ ಮುಖ್ಯ ವಸ್ತು ಹಿನ್ನೆಲೆಯಲ್ಲಿ ಕೇಳುವ ಸೌಲಭ್ಯ. ಆಪಲ್ ಮ್ಯೂಸಿಕ್ಕಿಗೆ ಉಚಿತ ಆವೃತ್ತಿಯೇ ಇಲ್ಲ.

ನಾಲ್ಕನೆಯ ಹೆಜ್ಜೆ: ಹಣ ಕಟ್ಟಿದ ದಿನ ಮಾಡಬೇಕಾದ ಬದಲಾವಣೆಗಳು

ಯೋಜನೆ ಕೊಂಡ ಮೇಲೂ ಹಾಡುಗಳು ಕಲಸಿಕೊಂಡೇ ಬರುತ್ತಿವೆ ಎಂಬ ದೂರು ಬಹಳ ಸಾಮಾನ್ಯ. ಷಫಲ್ ಈಗ ಕಡ್ಡಾಯವಲ್ಲ, ಆದರೆ ಒತ್ತಿದ್ದ ಗುಂಡಿ ಒತ್ತಿದಂತೆಯೇ ಉಳಿದಿರುತ್ತದೆ. ಹಾಡು ನಡೆಯುವಾಗ ಕಾಣುವ, ಒಂದನ್ನೊಂದು ದಾಟುವ ಎರಡು ಬಾಣಗಳ ಗುರುತು ಹಸಿರಾಗಿದ್ದರೆ ಷಫಲ್ ಚಾಲೂ ಇದೆ ಎಂದರ್ಥ. ಅದನ್ನು ಒತ್ತಿ ಆರಿಸಬೇಕು. ಅದರ ಜೊತೆ ಚುಕ್ಕೆಯ ಬದಲು ನಕ್ಷತ್ರದ ಗುರುತು ಕಂಡರೆ ಅದು ಸ್ಮಾರ್ಟ್ ಷಫಲ್, ನಿಮ್ಮ ಪಟ್ಟಿಗೆ ತನ್ನ ಹಾಡುಗಳನ್ನೂ ಬೆರೆಸುವಂಥದ್ದು, ಅದನ್ನೂ ಆರಿಸಬೇಕು. ಪಟ್ಟಿ ಮುಗಿದ ಮೇಲೆ ಬೇರೆ ಹಾಡುಗಳು ತಾವಾಗಿ ಬರುವುದು ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ನಿಲ್ಲಿಸಬೇಕು.

ಧ್ವನಿಯ ಗುಣಮಟ್ಟವೂ ತಾನಾಗಿ ಏರುವುದಿಲ್ಲ. ಸೆಟ್ಟಿಂಗ್ಸ್‌ನ ಗುಣಮಟ್ಟದ ವಿಭಾಗದಲ್ಲಿ ವೈಫೈ, ಮೊಬೈಲ್ ಡೇಟಾ, ಡೌನ್‌ಲೋಡ್ ಈ ಮೂರಕ್ಕೂ ಬೇರೆ ಬೇರೆ ಆಯ್ಕೆಗಳಿವೆ. ಮೊಬೈಲ್ ಡೇಟಾಕ್ಕೆ ಮಧ್ಯಮ ಮಟ್ಟವನ್ನು, ಡೌನ್‌ಲೋಡಿಗೆ ಅತಿ ಹೆಚ್ಚಿನದನ್ನು ಇಟ್ಟು, ಮೊಬೈಲ್ ಡೇಟಾದಲ್ಲಿ ಡೌನ್‌ಲೋಡ್ ಆಗದಂತೆ ತಡೆದಿಡುವುದು ಹೆಚ್ಚಿನವರಿಗೆ ಒಗ್ಗುತ್ತದೆ. ಜಾಗದ ಲೆಕ್ಕ ಹೀಗೆ: 320 ಕೆಬಿಪಿಎಸ್‌ನಲ್ಲಿ ಐದು ನಿಮಿಷದ ಹಾಡಿಗೆ ಸುಮಾರು 12 ಎಂಬಿ, ಇನ್ನೂರು ಹಾಡಿಗೆ ಎರಡೂವರೆ ಜಿಬಿಯ ಹತ್ತಿರ. ಫೋನಿನಲ್ಲಿ ಜಾಗ ಸಾಲದೆ ಡೌನ್‌ಲೋಡ್ ಅರ್ಧಕ್ಕೆ ನಿಂತರೂ ಕೆಲವೊಮ್ಮೆ ಗಮನಕ್ಕೆ ಬರುವುದಿಲ್ಲ. ಹಾಡಿನ ಪಕ್ಕ ಕೆಳಮುಖ ಬಾಣದ ಹಸಿರು ಗುರುತು ಇದೆಯೇ ಎಂದು ನೋಡಬೇಕು. ಹೊರಡುವ ಹಿಂದಿನ ರಾತ್ರಿ ಫೋನನ್ನು ವಿಮಾನದ ಮೋಡಿಗೆ ಹಾಕಿ ಪಟ್ಟಿಯ ಕೊನೆಯ ಹಾಡು ಬರುತ್ತದೆಯೇ ಎಂದು ಪರೀಕ್ಷಿಸುವುದು ಇನ್ನೂ ಖಚಿತ. ಒಂದು ಖಾತೆಯಿಂದ ಐದು ಸಾಧನಗಳವರೆಗೆ ಡೌನ್‌ಲೋಡ್ ಮಾಡಬಹುದು, ಆದರೆ ಪ್ರತಿ ಸಾಧನವೂ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ಟಿಗೆ ಬರಬೇಕು, ಇಲ್ಲದಿದ್ದರೆ ಆ ಹಾಡುಗಳು ಅಳಿಯುತ್ತವೆ.

ನಿಲ್ಲಿಸುವಾಗ

ಯುಪಿಐ ಆಟೋಪೇ ಅಥವಾ ಕಾರ್ಡಿನ ಮೂಲಕ ಪ್ರತಿ ತಿಂಗಳೂ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಆ ಸಂದೇಶವನ್ನು ಕಡೆಗಣಿಸದೆ, ಆ ತಿಂಗಳು ಯೋಜನೆ ಬೇಕೇ ಎಂದು ನಿರ್ಧರಿಸುವ ದಿನವನ್ನಾಗಿ ಬಳಸಿಕೊಳ್ಳಬಹುದು. ಫೋನಿನಿಂದ ಆ್ಯಪನ್ನು ತೆಗೆದುಹಾಕಿದರೆ ಯೋಜನೆ ರದ್ದಾಗುವುದಿಲ್ಲ. ಬ್ರೌಸರಿನಲ್ಲಿ spotify.com/account ತೆರೆದು ಅಲ್ಲಿಯೇ ರದ್ದುಮಾಡಬೇಕು, ಆಮೇಲೆ ಯುಪಿಐ ಆ್ಯಪಿನಲ್ಲಿ ಆಟೋಪೇ ಪಟ್ಟಿಯಿಂದಲೂ ಅದು ಹೋಗಿದೆಯೇ ಎಂದು ನೋಡಬೇಕು. ಬೇರೆ ಕಂಪನಿಯ ಮೊಬೈಲ್ ರೀಚಾರ್ಜಿನ ಜೊತೆ ಬಂದ ಯೋಜನೆಯಾಗಿದ್ದರೆ ರದ್ದತಿ ಆ ಕಂಪನಿಯಲ್ಲಿ.

ರದ್ದುಮಾಡಿದ ದಿನವೇ ಸೌಲಭ್ಯ ಹೋಗುವುದಿಲ್ಲ. ಕಟ್ಟಿದ ಅವಧಿ ಮುಗಿಯುವವರೆಗೆ ಇದ್ದು, ಆಮೇಲೆ ಖಾತೆ ಉಚಿತಕ್ಕೆ ಇಳಿಯುತ್ತದೆ. ಪಟ್ಟಿಗಳು, ಮೆಚ್ಚಿದ ಹಾಡುಗಳು ಎಲ್ಲವೂ ಉಳಿಯುತ್ತವೆ. ಡೌನ್‌ಲೋಡ್ ಮಾಡಿದವು ಮಾತ್ರ ನುಡಿಯುವುದಿಲ್ಲ, ಏಕೆಂದರೆ ಅವು ಆ್ಯಪಿನೊಳಗೆ ಮಾತ್ರ ತೆರೆಯುವಂತೆ ಬೀಗ ಹಾಕಿದ ಕಡತಗಳು. ಮತ್ತೆ ಎಂದಾದರೂ ಯೋಜನೆ ಕೊಂಡರೆ ಅವನ್ನು ಹೊಸದಾಗಿ ಇಳಿಸಿಕೊಳ್ಳಬೇಕಾಗುವುದರಿಂದ, ಪ್ರಯಾಣಕ್ಕೆಂದೇ ಆಗಾಗ ಕೊಳ್ಳುವವರು ವೈಫೈ ಇರುವ ಒಂದು ಸಂಜೆಯನ್ನು ಅದಕ್ಕಾಗಿ ಮೊದಲೇ ಇಟ್ಟುಕೊಂಡು ಹಣ ಕಟ್ಟುವುದು ಅನುಕೂಲ.